ನೀಲಿ ಟಿಕ್ ಇದ್ದ ಮಾತ್ರಕ್ಕ ಅಸಲಿ ಅಂಗಡಿ ಆಗೂದಿಲ್ಲ: ರೊಕ್ಕ ಹಾಕೂ ಮೊದಲು ನೋಡಬೇಕಾದ್ದು

ಗುಡಗೇರಿ: ಔಷಧ ಹೊಡೆಯುವ ಪಂಪ್ ಇರಲಿ, ಟ್ರ್ಯಾಕ್ಟರ್ ಬಿಡಿಭಾಗ ಇರಲಿ, ಹುಬ್ಬಳ್ಳಿ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಕೊಡುವವರು ಈಗ ಊರಲ್ಲಿ ಸಾಕಷ್ಟು ಮಂದಿ. ಅದೇ ಅಂಗಡಿಯ ಹೆಸರು, ಫೋಟೊ ಕದ್ದು ನಕಲಿ ಖಾತೆ ತೆರೆಯುವುದೂ ಅಷ್ಟೇ ಸುಲಭ.

ವಾಟ್ಸ್‌ಆ್ಯಪ್ ಖಾತೆಯೊಳಗೆ ‘ಬಿಸಿನೆಸ್ ಅಕೌಂಟ್’ ಅಂತ ಬರೆದಿದ್ದರೆ ಅದು ಪರಿಶೀಲನೆಯ ಗುರುತಲ್ಲ. ಆ ಆ್ಯಪ್ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪರಿಶೀಲನೆ ಆದ ಖಾತೆಗೆ ಹೆಸರಿನ ಪಕ್ಕದಲ್ಲಿ ಟಿಕ್ ಇರುತ್ತದೆ. ಮೊದಲು ಹಸಿರು ಇತ್ತು, 2024ರಿಂದ ನೀಲಿ ಆಗಿದೆ. ನಕಲಿ ಮಾಡುವವರು ಇದೇ ನೀಲಿ ಟಿಕ್ಕನ್ನು ಪ್ರೊಫೈಲ್ ಫೋಟೊದ ಮೂಲೆಯಲ್ಲಿ ಅಂಟಿಸುತ್ತಾರೆ. ಫೋಟೊದೊಳಗಿನ ಟಿಕ್‌ಗೆ ಕಿಮ್ಮತ್ತಿಲ್ಲ.

ಹಾಗಂತ ಟಿಕ್ ಇಲ್ಲದ ಅಂಗಡಿ ಎಲ್ಲ ಖೊಟ್ಟಿ ಅಲ್ಲ. ಸಣ್ಣ ಅಂಗಡಿಯವರು ತಿಂಗಳು ತಿಂಗಳು ಶುಲ್ಕ ಕಟ್ಟಿ ಟಿಕ್ ಪಡೆಯುವುದು ಅಪರೂಪ. ಟಿಕ್ ಇದ್ದರೂ ಅದು ಖಾತೆ ಯಾರದು ಅಂತ ಹೇಳುತ್ತದೆಯೇ ಹೊರತು, ಮಾಲು ಬರುತ್ತದೆ ಅಂತ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಮೊದಲು ಪಂಪ್ ತಂದಿದ್ದ ಅಂಗಡಿಯ ಹೆಸರಿನಲ್ಲಿ ಹೊಸ ನಂಬರಿನಿಂದ ಮೆಸೇಜ್ ಬರುತ್ತದೆ: ‘ನಂಬರ್ ಬದಲಾಗೇತ್ರಿ, ಸ್ಟಾಕ್ ಕಡಿಮಿ ಐತಿ, ಅರ್ಧಾ ರೊಕ್ಕ ಈಗ ಹಾಕ್ರಿ.’ ಜತೆಗೆ ಅಂಗಡಿ ಹೆಸರು ಬರೆದ ಕ್ಯೂಆರ್ ಚಿತ್ರ. ಆಗ ಮನೆಯಲ್ಲಿರುವ ಹಳೇ ಬಿಲ್ ತೆಗೆದು, ಅದರ ಮೇಲಿನ ನಂಬರಿಗೆ ಸಾದಾ ಕರೆ ಮಾಡಬೇಕು. ಮೆಸೇಜಿನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವವನು ಅದೇ ವಂಚಕ.

ಎರಡನೆಯದು, ಕ್ಯೂಆರ್ ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರು. ಕ್ಯೂಆರ್ ಚಿತ್ರದ ಮೇಲೆ ಏನು ಬೇಕಾದರೂ ಮುದ್ರಿಸಬಹುದು. ಆದರೆ ಯುಪಿಐ ಆ್ಯಪ್‌ಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಎನ್‌ಪಿಸಿಐ 2025ರ ಜೂನ್ 30ರ ಗಡುವು ಕೊಟ್ಟಿತ್ತು. ಇಲ್ಲೊಂದು ತೊಡಕೂ ಇದೆ. ಎಷ್ಟೋ ಅಂಗಡಿಗಳ ಬ್ಯಾಂಕ್ ಖಾತೆ ಮಾಲೀಕರ ಸ್ವಂತ ಹೆಸರಿನಲ್ಲೇ ಇರುತ್ತದೆ. ಅದಕ್ಕೇ ಹಳೇ ನಂಬರಿಗೆ ಕರೆ ಮಾಡಿದಾಗಲೇ ‘ಫೋನ್‌ಪೇದಾಗ ಯಾರ ಹೆಸರು ತೋರಿಸ್ತೈತ್ರಿ?’ ಅಂತ ಕೇಳಿಡಬೇಕು. ಬೇರೆ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ಫೇಸ್‌ಬುಕ್ ಪುಟವಾದರೆ ‘ಪೇಜ್ ಟ್ರಾನ್ಸ್‌ಪರೆನ್ಸಿ’ ಒತ್ತಿ ನೋಡಿ. ಪುಟ ಯಾವಾಗ ಶುರುವಾಯಿತು, ಹೆಸರು ಬದಲಾಗಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಇಪ್ಪತ್ತು ವರ್ಷದ ಅಂಗಡಿಯ ಪುಟ ಹೋದ ವಾರ ಹುಟ್ಟಿದ್ದರೆ ಸಂಶಯಪಡಲೇಬೇಕು.

ರೊಕ್ಕ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ತಾಣದಲ್ಲಿ ದೂರು ದಾಖಲಿಸಿ. ಪಾವತಿ ವಿವರದಲ್ಲಿರುವ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿರಲಿ. ಆ ರೊಕ್ಕವನ್ನು ವಂಚಕರು ತೆಗೆದುಬಿಡುವ ಮೊದಲು ದೂರು ಮುಟ್ಟಿದರೆ ಬ್ಯಾಂಕಿಗೆ ಅದನ್ನು ತಡೆಹಿಡಿಯಲು ಸಾಧ್ಯ.