ಪ್ರಿಂಟರ್ ಕೆಟ್ಟಿಲ್ಲ, ವಿಳಾಸ ಬದಲಾಗಿದೆ

ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಶುರುವಾಗಿದೆ. ಪ್ರಿಂಟರಿನ ವೈಫೈ ದೀಪ ಮಿನುಗದೆ ನೆಟ್ಟಗೆ ಉರಿಯುತ್ತಿದೆ, ಮೊಬೈಲಿನಿಂದ ಕಳಿಸಿದ ಪುಟ ಅಚ್ಚಾಗಿ ಬರುತ್ತದೆ. ಕಂಪ್ಯೂಟರ್ ಮಾತ್ರ ಪ್ರಿಂಟರ್ Offline ಎನ್ನುತ್ತಿದೆ. ರೋಗದ ಮುಖ್ಯ ಸುಳಿವು ಇದೇ. ಮೊಬೈಲ್ ಸಾಮಾನ್ಯವಾಗಿ ಪ್ರತಿ ಸಲವೂ ಪ್ರಿಂಟರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ಕಂಪ್ಯೂಟರ್ ಹಲವು ಸಲ ಹಿಂದೆ ಬರೆದಿಟ್ಟುಕೊಂಡ ವಿಳಾಸವನ್ನೇ ನಂಬಿ ಕೂತಿರುತ್ತದೆ.

ಮನೆಯ ವೈಫೈಗೆ ಸೇರುವ ಪ್ರತಿ ಸಾಧನಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಸ್ವಂತದ್ದಲ್ಲ, ಬಾಡಿಗೆಯದ್ದು. ಎಷ್ಟೋ ರೂಟರ್‌ಗಳು ಆಫ್ ಆದಾಗ ಯಾರಿಗೆ ಯಾವುದನ್ನು ಕೊಟ್ಟಿದ್ದೆ ಎಂಬ ಲೆಕ್ಕವನ್ನೇ ಮರೆತುಬಿಡುತ್ತವೆ. ಪ್ರಿಂಟರಿನದು ನಿನ್ನೆ 192.168.1.5 ಆಗಿತ್ತು ಎನ್ನೋಣ. ಇಂದು ಮೊದಲು ಎದ್ದ ಟಿವಿ ಅದನ್ನು ಪಡೆದಿದೆ, ಪ್ರಿಂಟರಿಗೆ 192.168.1.9 ಸಿಕ್ಕಿದೆ.

ಊಹೆ ಬೇಡ, ಪ್ರಿಂಟರನ್ನೇ ಕೇಳಿ. ಅದರ ಪರದೆಯ ನೆಟ್‌ವರ್ಕ್ ಮೆನುವಿನಲ್ಲಿ ವಿಳಾಸ ಇರುತ್ತದೆ. ಪರದೆ ಇಲ್ಲದಿದ್ದರೆ ನೆಟ್‌ವರ್ಕ್ ವಿವರದ ಪುಟವನ್ನು ಅಚ್ಚು ಹಾಕಿಸಬಹುದು. ವಿಳಾಸ 169.254 ಎಂದು ಶುರುವಾದರೆ ಪ್ರಿಂಟರಿಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ರೂಟರ್ ಪೂರ್ತಿ ಶುರುವಾದ ಮೇಲೆ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ. 192.168.1.9 ರಂಥ ಸರಿಯಾದ ಸಂಖ್ಯೆ ಇದ್ದರೆ, ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಟೈಪ್ ಮಾಡಿ. ಪ್ರಿಂಟರಿನ ಸ್ವಂತ ಪುಟ ತೆರೆದುಕೊಂಡರೆ ಎರಡರ ನಡುವಿನ ದಾರಿ ಸರಿಯಾಗಿದೆ. ತೆರೆಯದಿದ್ದರೆ ಕಂಪ್ಯೂಟರ್ ಬೇರೆ ವೈಫೈನಲ್ಲೋ ಗೆಸ್ಟ್ ವೈಫೈನಲ್ಲೋ ಇದೆಯೇ ಎಂದು ಮೊದಲು ನೋಡಿ.

ವಿಂಡೋಸ್‌ನಲ್ಲಿ Printers & scanners ಒಳಗೆ ನಿಮ್ಮ ಪ್ರಿಂಟರ್ ಆರಿಸಿ, Printer properties ತೆರೆದು Ports ಗೆ ಹೋಗಿ. ಟಿಕ್ ಇರುವ ಸಾಲಿನಲ್ಲಿ ಹಳೆಯ 192.168.1.5 ಕಂಡರೆ ಕಳ್ಳ ಸಿಕ್ಕಿದ ಹಾಗೆ. Add Port ಒತ್ತಿ, Standard TCP/IP Port ಆರಿಸಿ, ಹೊಸ ವಿಳಾಸ ಕೊಡಿ. ಡ್ರೈವರ್ ಮತ್ತೆ ಹಾಕುವ ಅಗತ್ಯವಿಲ್ಲ. ಸಾಲಿನಲ್ಲಿ ಸಿಕ್ಕಿಬಿದ್ದ ಹಳೆಯ ಪ್ರಿಂಟುಗಳನ್ನು ರದ್ದು ಮಾಡಿ, ಒಂದು ಪುಟ ಕಳಿಸಿ ನೋಡಿ.

ಇಲ್ಲಿಗೇ ಬಿಟ್ಟರೆ ಮುಂದೆ ಕರೆಂಟ್ ಹೋದಾಗ ಇದೇ ಪಾಡು ಮರುಕಳಿಸಬಹುದು. ಆದ್ದರಿಂದ ಇನ್ನೂ ಹತ್ತು ನಿಮಿಷ ಕೊಡುವುದು ಒಳ್ಳೆಯದು. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ Address Reservation ಅಥವಾ ಅಂಥದ್ದೇ ಹೆಸರಿನ ಜಾಗ ಹುಡುಕಿ. ಪ್ರಿಂಟರಿನ ವಿವರದ ಪುಟದಲ್ಲಿರುವ MAC ಸಂಖ್ಯೆಯನ್ನೂ 192.168.1.9 ಅನ್ನೂ ಅಲ್ಲಿ ಜೋಡಿಸಿ ಉಳಿಸಿ. ಆಮೇಲೆ ರೂಟರ್ ಎಷ್ಟು ಸಲ ಆಫ್ ಆದರೂ ಪ್ರಿಂಟರಿಗೆ ಅದೇ ವಿಳಾಸ ಸಿಗುತ್ತದೆ. ರೂಟರನ್ನೇ ಬದಲಿಸಿದರೆ ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದರೆ ಮಾತ್ರ ಈ ಜೋಡಣೆಯನ್ನು ಹೊಸದಾಗಿ ಮಾಡಬೇಕು.