ರಚ್ಚೆ ಹಿಡಿದ ಮಗು, ಮೂರು ಪುಸ್ತಕಗಳು

ರಾತ್ರಿ ಎಂಟು ಗಂಟೆ. ಊಟದ ಹೊತ್ತಾಯಿತೆಂದು ಅಮ್ಮ ಮೊಬೈಲ್ ತೆಗೆದಿಟ್ಟಿದ್ದಾಳೆ. ಎರಡು ವರ್ಷದ ಮಗ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಾ ಕಿರುಚತೊಡಗಿದ್ದಾನೆ. ಅಜ್ಜಿ ಬಿಸ್ಕತ್ತು ಹಿಡಿದು ಬರುತ್ತಾರೆ, ಅಪ್ಪ ಗದರುತ್ತಾನೆ. ಪುಟ್ಟ ಮಕ್ಕಳಿರುವ ಅನೇಕ ಮನೆಗಳಿಗೆ ಈ ರಂಪ ಹೊಸದಲ್ಲ. ಇಂಥ ಗಳಿಗೆಗೆಂದೇ ಅಮೆರಿಕದಲ್ಲಿ ಬಂದ ಮೂರು ಪುಸ್ತಕಗಳನ್ನು ಇದೇ ಒಂದು ಜಗಳಕ್ಕೆ ಒಡ್ಡಿ ನೋಡಿದರೆ, ಅವು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ತಿಳಿಯುತ್ತದೆ.

ಮೊದಲು ರಚ್ಚೆಯ ಒಳಗೇನಿದೆ ಎಂದು ನೋಡಬೇಕು. ಸಂಶೋಧಕರಾದ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಮಕ್ಕಳ ಹಟದ ಒಂದೊಂದು ಗಳಿಗೆಯನ್ನೂ ತಂದೆತಾಯಿಯರಿಂದ ಬರೆಸಿಕೊಂಡರು. ಅದರಲ್ಲಿ ಎರಡು ಎಳೆ ಕಂಡವು. ಕಿರುಚುವುದು, ಒದೆಯುವುದು, ಎಸೆಯುವುದು ಸಿಟ್ಟಿನ ಎಳೆ. ಅದು ಬೇಗ ಏರಿ ಬೇಗ ಇಳಿಯುತ್ತದೆ. ಅಳು, ಮುಲುಕು, ತೊಡೆಯೇರುವ ಹಂಬಲ ದುಃಖದ ಎಳೆ. ಅದು ಕೊನೆಯವರೆಗೂ ಇರುತ್ತದೆ. ಸಿಟ್ಟು ಇಳಿದ ಮೇಲೆ ಉಳಿಯುವುದು ದುಃಖ. ಹೀಗಾಗಿ ಕಿರುಚಾಟದ ನಡುವೆ ಮಗುವಿಗೆ ಕಾರಣ ವಿವರಿಸುತ್ತಾ ಕೂತರೆ ಉಪಯೋಗವಿಲ್ಲ. ಮೂರೂ ಪುಸ್ತಕಗಳು ಒಪ್ಪುವ ಮಾತಿದು.

ಮಕ್ಕಳ ವೈದ್ಯ ಹಾರ್ವೆ ಕಾರ್ಪ್ ಅವರ ‘ದಿ ಹ್ಯಾಪಿಯೆಸ್ಟ್ ಟಾಡ್ಲರ್ ಆನ್ ದಿ ಬ್ಲಾಕ್’ ಮಗುವಿನ ಭಾಷೆಯಲ್ಲೇ ಮಾತಾಡಿ ಎನ್ನುತ್ತದೆ. ಪುಟ್ಟ ಪುಟ್ಟ ಮಾತು, ಮತ್ತೆ ಮತ್ತೆ ಅದೇ ಮಾತು, ದನಿಯಲ್ಲೂ ಮುಖದಲ್ಲೂ ಮಗುವಿನ ಆವೇಶದ ಸುಮಾರು ಮೂರನೇ ಒಂದು ಪಾಲು. “ಬೇಕು! ಬೇಕು! ಪುಟ್ಟಂಗೆ ಮೊಬೈಲ್ ಬೇಕು! ಕೋಪ ಬಂದಿದೆ, ಕೋಪ!” ಮಗು ಒಮ್ಮೆ ತಿರುಗಿ ನೋಡಿದ ಮೇಲೆಯೇ “ಮೊಬೈಲ್ ಮುಗೀತು, ಈಗ ಊಟ” ಎನ್ನಬೇಕು. ಭಾವನೆ ಮೊದಲು, ನಮ್ಮ ಮಾತು ಆಮೇಲೆ. ದನಿ ತೀರಾ ತಣ್ಣಗಿದ್ದರೆ ತನ್ನ ಮಾತು ಇವರಿಗೆ ಕೇಳಿಸಿಲ್ಲ ಎಂದೇ ಮಗು ತಿಳಿಯುತ್ತದೆ. ಅಣಕದ ದನಿಯಾದರೆ ಕೆಟ್ಟಿತು.

ಜಾನೆಟ್ ಲ್ಯಾನ್ಸ್‌ಬರಿಯ ‘ನೋ ಬ್ಯಾಡ್ ಕಿಡ್ಸ್’ (2014) ಬೇರೆ ದಾರಿ ಹಿಡಿಯುತ್ತದೆ. ಮಗುವಿನೊಂದಿಗೂ ದೊಡ್ಡವರೊಂದಿಗೆ ಆಡುವಂತೆಯೇ ಸಹಜವಾಗಿ ಮಾತಾಡಬೇಕು. ಬಿಸ್ಕತ್ತು ತೋರಿಸಿ ಮನಸ್ಸು ತಿರುಗಿಸುವುದೂ ಬೇಡ. ಮಗು ಹೊಡೆಯಲು ಬಂದರೆ ಕೈಯನ್ನು ಮೃದುವಾಗಿ ತಡೆದು “ಹೊಡೆಯೋಕೆ ಬಿಡಲ್ಲ” ಎಂದಷ್ಟೇ ಹೇಳಿ, ಪಕ್ಕದಲ್ಲಿದ್ದು, ಅತ್ತು ಮುಗಿಸಲು ಬಿಡಬೇಕು. ಓದಲು ಸುಲಭ, ಮಾಡಲು ಕಷ್ಟ. ಪಕ್ಕದ ಮನೆಯವರಿಗೆ ಅಳು ಕೇಳುತ್ತಿದೆ ಎಂಬ ಸಂಕೋಚವೇ ಎಷ್ಟೋ ಜನರನ್ನು ಸೋಲಿಸುತ್ತದೆ.

ಜೊಯಾನಾ ಫೇಬರ್ ಮತ್ತು ಜೂಲಿ ಕಿಂಗ್ ಬರೆದ ‘ಹೌ ಟು ಟಾಕ್ ಸೋ ಲಿಟಲ್ ಕಿಡ್ಸ್ ವಿಲ್ ಲಿಸನ್’ (2017) ಆಟದ ದಾರಿ ಹಿಡಿಯುತ್ತದೆ. ನಿಜದಲ್ಲಿ ಕೊಡಲಾಗದ್ದನ್ನು ಕಲ್ಪನೆಯಲ್ಲಿ ಕೊಡಿ: “ಗೋಡೆಯಷ್ಟು ದೊಡ್ಡ ಮೊಬೈಲ್ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!” ಸಿಟ್ಟು ಇಳಿದ ಮೇಲೆ ಪುಟ್ಟ ಆಯ್ಕೆ ಮುಂದಿಡಿ: “ಊಟಕ್ಕೆ ಮೊಲದ ಥರ ಕುಪ್ಪಳಿಸ್ಕೊಂಡು ಹೋಗೋಣ್ವಾ, ಆನೆ ಥರ ನಡ್ಕೊಂಡು ಹೋಗೋಣ್ವಾ?” ಹೋಗಬೇಕೋ ಬೇಡವೋ ಎಂಬುದು ಮಗುವಿನ ಆಯ್ಕೆಯಲ್ಲ; ಹೇಗೆ ಎಂಬುದು ಮಾತ್ರ.

ಮೂವರ ನಡುವೆ ದೊಡ್ಡ ಭಿನ್ನಾಭಿಪ್ರಾಯವೂ ಉಂಟು. ಮಗುವನ್ನು ಸ್ವಲ್ಪ ಹೊತ್ತು ಒಂದೆಡೆ ಒಂಟಿಯಾಗಿ ಕೂರಿಸುವ ಶಿಸ್ತನ್ನು ಕಾರ್ಪ್ ಒಪ್ಪುತ್ತಾರೆ, ಉಳಿದವರು ಒಪ್ಪುವುದಿಲ್ಲ. ಹೊಡೆಯುವುದು, ಹೆದರಿಸುವುದು ಬೇಡ ಎಂಬಲ್ಲಿ ಮಾತ್ರ ಎಲ್ಲರದೂ ಒಂದೇ ದನಿ.

ಮೂರೂ ವಿಧಾನ ಕೈಕೊಡುವುದು ಒಂದೇ ಕಡೆ. ಹತ್ತು ನಿಮಿಷ ಅತ್ತ ಮೇಲೆ ಯಾರೋ ಸೋತು ಮೊಬೈಲ್ ಕೊಟ್ಟುಬಿಡುತ್ತಾರೆ. ಆಗ ಮಗು ಕಲಿಯುವುದು, ಹತ್ತು ನಿಮಿಷ ಅಳಬೇಕು ಎಂಬುದನ್ನೇ. ಆಮೇಲೆ ಬಿಗಿ ಹಿಡಿದರೆ ಶುರುವಿನಲ್ಲಿ ಅಳು ಇನ್ನೂ ಜೋರಾಗಬಹುದು. ಅದು ವಿಧಾನ ಸೋತ ಗುರುತಲ್ಲ. ಆದ್ದರಿಂದ ಕೂಡುಕುಟುಂಬದಲ್ಲಿ ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಎಂಬುದನ್ನು ಅಜ್ಜಿ-ತಾತನೂ ಸೇರಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಪುಸ್ತಕ ಸಾಲದ ಸಂದರ್ಭಗಳೂ ಇವೆ. ಮಗು ಮತ್ತೆ ಮತ್ತೆ ತನಗೇ ಗಾಯ ಮಾಡಿಕೊಂಡರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ, ಅಳುವಾಗ ಉಸಿರು ಕಟ್ಟಿ ನೀಲಿಗಟ್ಟಿದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಇರಬಹುದು. ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಔಷಧಿಯೂ ಇದೆ.

ದಣಿದ ತಂದೆತಾಯಿ ಒಂದೇ ಪುಸ್ತಕ ಕೊಳ್ಳುವುದಾದರೆ ಫೇಬರ್-ಕಿಂಗ್ ಪುಸ್ತಕವೇ ಸರಿ. ಊಟ, ಬೆಳಗಿನ ಅವಸರ, ನಿದ್ದೆ ಹೀಗೆ ವಿಷಯಕ್ಕೊಂದು ಅಧ್ಯಾಯವಿದೆ, ಕೊನೆಗೆ ಸಾರಾಂಶದ ಪುಟವಿದೆ. ಮಗು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಬೇಕಾದ ಪುಟವನ್ನಷ್ಟೇ ತೆರೆದು ಓದಬಹುದು.