ಮೈನಸ್ ಚಿಹ್ನೆ ಅಳಿಸಬೇಡಿ

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೇಳಿದ: "ಸರ್, ದೂರ ಅಂದರೆ ಯಾವಾಗಲೂ ಧನಾತ್ಮಕ. ಹಾಗಿದ್ದರೆ ಈ ಪ್ರೋಗ್ರಾಮಿನಲ್ಲಿ `abs` ಯಾಕಿಲ್ಲ?" ಪ್ರಶ್ನೆ ಚಿಕ್ಕದು, ಆದರೆ ಒಳ್ಳೆಯ ಕಡೆಯೇ ಕೈ ಇಟ್ಟಿದ್ದ.

ಆ ಪ್ರೋಗ್ರಾಮಿನ ಕೆಲಸ ಇದು. ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದಾರೆ: 140, 142, 145, 149, 150, 156, 160 ಸೆಂ.ಮೀ. 148ಕ್ಕೆ ಅತಿ ಹತ್ತಿರದ ಮೂವರು ಬೇಕು. ಸಾಲು ಎತ್ತರದ ಕ್ರಮದಲ್ಲಿರುವುದರಿಂದ ಆ ಮೂವರು ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಅಂದರೆ ಮೂವರು ಹಿಡಿಸುವ ಚೌಕಟ್ಟೊಂದನ್ನು ಎಲ್ಲಿಂದ ಶುರುಮಾಡಬೇಕು ಎಂದು ತಿಳಿದರೆ ಸಾಕು. ಬೈನರಿ ಸರ್ಚ್ ಇಲ್ಲಿ ಹುಡುಕುವುದು 148 ಅನ್ನಲ್ಲ, ಚೌಕಟ್ಟಿನ ಎಡ ಅಂಚನ್ನು. `a` ಎಂದರೆ ಸಾಲು, `x` ಎಂದರೆ ಗುರಿ, `k` ಎಂದರೆ ಎಷ್ಟು ಜನ ಬೇಕು ಎನ್ನುವುದು.

```
lo, hi = 0, len(a) - k
while lo < hi:
    m = (lo + hi) // 2
    if x - a[m] > a[m+k] - x:
        lo = m + 1
    else:
        hi = m
```

ಚೌಕಟ್ಟಿನ ಎಡತುದಿಯ ಹುಡುಗನನ್ನೂ ಬಲಗಡೆ ಚೌಕಟ್ಟಿನ ಹೊರಗೆ ನಿಂತ ಮೊದಲನೆಯವನನ್ನೂ ಹೋಲಿಸುತ್ತೇವೆ. ಇಬ್ಬರಲ್ಲಿ ಒಬ್ಬನಿಗಷ್ಟೇ ಜಾಗ. ಎಡದವನೇ ದೂರವಾದರೆ ಚೌಕಟ್ಟು ಬಲಕ್ಕೆ ಸರಿಯಬೇಕು; ಸಮವಾದರೆ ಗಿಡ್ಡನಿಗೇ ಆದ್ಯತೆ. ಸೊನ್ನೆಯಿಂದ ಎಣಿಸಿದರೆ ಎಡ ಅಂಚು 0ರಿಂದ 4ರೊಳಗೆ ಎಲ್ಲೋ ಇದೆ. ನಡುವಿನ 2ರಲ್ಲಿ 145 ಮತ್ತು 156: ದೂರ 3 ಮತ್ತು 8, ಬಲಕ್ಕೆ ಹೋಗುವುದು ಬೇಡ. ಆಮೇಲೆ 1ರಲ್ಲಿ 142 ಮತ್ತು 150: ದೂರ 6 ಮತ್ತು 2, ಸರಿಯಬೇಕು. ಉಳಿದದ್ದು 2. ಉತ್ತರ 145, 149, 150.

ಈಗ ಹುಡುಗನ `abs` ಹಾಕಿ ನೋಡೋಣ. ಸಾಲು 140, 141, 141, 141, 141, 142. ಬೇಕಾದದ್ದು 142ಕ್ಕೆ ಹತ್ತಿರದ ಮೂವರು. ನಡುವೆ `m` 1 ಆದಾಗ ಎರಡೂ ತುದಿಯಲ್ಲಿ 141. ದೂರ 1, 1. ಸಮ ಎಂದುಕೊಂಡು ಪ್ರೋಗ್ರಾಮು ಎಡಕ್ಕೆ ತಿರುಗಿ 141, 141, 141 ಎಂದು ಕೊಡುತ್ತದೆ. ಸಾಕ್ಷಾತ್ 142 ಪಕ್ಕದಲ್ಲೇ ನಿಂತಿದ್ದರೂ ಕಣ್ಣಿಗೆ ಬೀಳುವುದಿಲ್ಲ! `abs` ಇಲ್ಲದಿದ್ದರೆ ಬಲಗಡೆಯ ಲೆಕ್ಕ 141 − 142, ಅಂದರೆ −1. 1 ಅದಕ್ಕಿಂತ ದೊಡ್ಡದು, ಚೌಕಟ್ಟು ಬಲಕ್ಕೆ ಸರಿಯುತ್ತದೆ. ಹೊರಗಿನವನೂ ಇನ್ನೂ 142ರ ಎಡಗಡೆಯೇ ಇದ್ದಾನೆ, ಮುಂದೆ ಹೋಗು ಎಂದು ಆ ಮೈನಸ್ ಹೇಳುತ್ತಿದೆ. `abs` ದೂರವನ್ನು ಉಳಿಸಿ ದಿಕ್ಕನ್ನು ನುಂಗಿಬಿಡುತ್ತದೆ.

ಈ ತಪ್ಪು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ ಎನ್ನುವುದೇ ಪೇಚು. ಅಂಕಿಗಳೆಲ್ಲ ಬೇರೆಬೇರೆಯಾಗಿದ್ದರೆ `abs` ಹಾಕಿದರೂ ಉತ್ತರ ಸರಿಯೇ ಬರುತ್ತದೆ. ಕೆಡುವುದು ಒಂದೇ ಅಂಕಿ ಕನಿಷ್ಠ k+1 ಸಲ ಬಂದು, ಅದು ಗುರಿಗಿಂತ ಚಿಕ್ಕದಾಗಿದ್ದಾಗ, ಅದೂ ಪ್ರತಿಸಲವಲ್ಲ.

ವೇಗದ ಬಗ್ಗೆ ಮಾತ್ರ ಅತಿಯಾಗಿ ಹೊಗಳುವುದು ಬೇಡ. ಹತ್ತು ಲಕ್ಷ ಅಂಕಿಗಳಲ್ಲಿ ಎಡ ಅಂಚು ಸುಮಾರು 20 ಹೋಲಿಕೆಗಳಲ್ಲಿ ಸಿಗುತ್ತದೆ, ನಿಜ. ಆದರೆ ಐದು ಲಕ್ಷ ಅಂಕಿಗಳನ್ನು ಬರೆದು ಕೊಡಿ ಎಂದರೆ ಆ ಐದು ಲಕ್ಷವನ್ನೂ ಬರೆಯಲೇಬೇಕು.